ತೃಪ್ತ ಗ್ರಾಹಕರಿಂದ ಅಭಿಪ್ರಾಯ ಪತ್ರ: ಕೇಳುವ ಕ್ರಮ

ಸರಕು ಸಕಾಲಕ್ಕೆ ತಲುಪಿದೆ. ಬಿಲ್ಲಿನ ಹಣ ಪೂರ್ಣವಾಗಿ ಸಂದಾಯವಾಗಿದೆ. ಗ್ರಾಹಕರು ದೂರವಾಣಿಯಲ್ಲಿ ಮೆಚ್ಚುಗೆಯನ್ನೂ ವ್ಯಕ್ತಪಡಿಸಿದ್ದಾರೆ. ಇಷ್ಟಾದರೂ ಹಲವು ಸಣ್ಣ ಉದ್ದಿಮೆಗಳ ಕಡತದಲ್ಲಿ ಆ ಮೆಚ್ಚುಗೆಯ ಲಿಖಿತ ರೂಪ ದೊರೆಯುವುದಿಲ್ಲ. ವ್ಯವಹಾರದಲ್ಲಿ ಟೆಸ್ಟಿಮೋನಿಯಲ್ ಎಂದು ಕರೆಯಲಾಗುವ ಗ್ರಾಹಕರ ಅಭಿಪ್ರಾಯ ಪತ್ರವನ್ನು ಕೇಳಿಯೂ ಪಡೆಯಲಾಗದವರು ಇದ್ದಾರೆ. ಇದಕ್ಕೆ ಗ್ರಾಹಕರ ಅನಾಸಕ್ತಿಗಿಂತ ಕೇಳಿದ ರೀತಿಯೇ ಹೆಚ್ಚಿನ ಮಟ್ಟಿಗೆ ಕಾರಣವಾಗಿರುತ್ತದೆ.

“ನಮ್ಮ ಸಂಸ್ಥೆಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ” ಎಂಬುದು ಸಾಮಾನ್ಯವಾದ ಕೋರಿಕೆ. ಕೇಳುವವರಿಗೆ ಇದು ಚಿಕ್ಕ ಕೆಲಸವೆನಿಸುತ್ತದೆ. ಬರೆಯಬೇಕಾದವರಿಗೆ ಹಾಗಲ್ಲ. ಏನನ್ನು ಬರೆಯಬೇಕು, ಎಷ್ಟು ಬರೆಯಬೇಕು, ಕನ್ನಡದಲ್ಲೋ ಇಂಗ್ಲಿಷಿನಲ್ಲೋ, ಲೆಟರ್‌ಹೆಡ್ ಬೇಕೇ, ಬರೆದುದನ್ನು ಎಲ್ಲಿ ಪ್ರಕಟಿಸುತ್ತಾರೆ ಎಂಬುದೆಲ್ಲವನ್ನೂ ಅವರೇ ತೀರ್ಮಾನಿಸಬೇಕಾಗುತ್ತದೆ. “ಆಗಲಿ, ಬರೆದುಕೊಡೋಣ” ಎಂದವರು ಮರೆಯುತ್ತಾರೆ. ಒಂದು ವೇಳೆ ಬರೆದರೂ “ಉತ್ತಮ ಸೇವೆ, ಸಂಸ್ಥೆಗೆ ಶುಭವಾಗಲಿ” ಎಂಬ ಒಂದು ಸಾಲು ಬರುತ್ತದೆ. ಆ ಸಾಲನ್ನು ಯಾವ ಸಂಸ್ಥೆಗೆ ಬೇಕಾದರೂ ಅನ್ವಯಿಸಬಹುದಾದ್ದರಿಂದ ಹೊಸ ಖರೀದಿದಾರನಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಆದುದರಿಂದ ತೀರ್ಮಾನಿಸುವ ಶ್ರಮವನ್ನು ಕೇಳುವವರು ವಹಿಸಿಕೊಂಡು, ಗ್ರಾಹಕರಿಗೆ ಕೇವಲ ಉತ್ತರಿಸುವ ಕೆಲಸವನ್ನು ಉಳಿಸಬೇಕು.

ಒಂದು ಉದಾಹರಣೆ

ಇದನ್ನು ಒಂದು ಕಲ್ಪಿತ ಉದಾಹರಣೆಯ ಮೂಲಕ ಪರಿಶೀಲಿಸಬಹುದು. ಹುಬ್ಬಳ್ಳಿಯ ಸಣ್ಣ ಘಟಕವೊಂದು ಖಾರದ ಪುಡಿ ಗಿರಣಿಗಳಿಗೆ ಡಸ್ಟ್ ಕಲೆಕ್ಟರ್ ತಯಾರಿಸುತ್ತದೆ. ಬ್ಯಾಡಗಿಯ ಒಂದು ಗಿರಣಿಗೆ ನವೆಂಬರಿನಲ್ಲಿ ಯಂತ್ರವನ್ನು ಅಳವಡಿಸಿದೆ. ಜನವರಿಯಲ್ಲಿ ಉಳಿದ ಶೇಕಡಾ 10ರಷ್ಟು ಹಣವೂ ಸಂದಾಯವಾಗಿದೆ. ಮೆಣಸಿನಕಾಯಿಯ ಸುಗ್ಗಿ ಮುಗಿದ ಮೇಲೆ, ಮೇ ತಿಂಗಳ ಮೊದಲ ವಾರದಲ್ಲಿ, ಬೇರೊಂದು ವಿಷಯಕ್ಕೆ ದೂರವಾಣಿ ಮಾಡಿದ ಗಿರಣಿಯ ಮಾಲೀಕರು ಮಾತಿನ ನಡುವೆ, “ಈ ಸುಗ್ಗಿಯಾಗ ಮೊದಲಿನಂಗ ದಿನಾ ಗಿರಣಿ ನಿಲ್ಲಿಸೋ ಪ್ರಸಂಗ ಬರಲಿಲ್ಲ ನೋಡ್ರಿ” ಎನ್ನುತ್ತಾರೆ.

ಕೇಳಲು ತಕ್ಕ ಸಮಯ ಇದೇ ಆಗಿದೆ. ಯಂತ್ರ ಅಳವಡಿಸಿದ ದಿನವೇ ಕೇಳಿದ್ದರೆ ಗಿರಣಿಯವರಿಗೆ ಹೇಳಲು ಅನುಭವವೇ ಇರುತ್ತಿರಲಿಲ್ಲ. ಬಾಕಿ ಹಣದ ಜ್ಞಾಪನದೊಂದಿಗೆ ಕೇಳಿದ್ದರೆ ಎರಡು ವಿಷಯಗಳೂ ಕೆಡುತ್ತಿದ್ದವು. ತಕರಾರಿನಲ್ಲಿರುವ ಬಿಲ್ಲು ಅಥವಾ ಕೊಡಬೇಕಾದ ಕ್ರೆಡಿಟ್ ನೋಟ್ ಇರುವಾಗ ಕೇಳುವುದೂ ಯೋಗ್ಯವಲ್ಲ. ಗ್ರಾಹಕರು ತಾವಾಗಿಯೇ ಆಡಿದ ಮೆಚ್ಚುಗೆಯ ಮಾತನ್ನು ಆಡಿದಂತೆಯೇ, ದಿನಾಂಕದೊಡನೆ ಬರೆದಿಟ್ಟುಕೊಂಡು, ಎರಡು ಮೂರು ದಿನಗಳೊಳಗೆ ಕೋರಿಕೆಯನ್ನು ಕಳುಹಿಸಬೇಕು.

ಪತ್ರ ಬರೆಯುವ ಮೊದಲು ಘಟಕದವರು ಇನ್ನೊಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು. ಹೊಸ ಖರೀದಿದಾರರು ಕೊಟೇಶನ್ ಪಡೆದ ಬಳಿಕ ಯಾವ ಸಂದೇಹದಿಂದ ಹಿಂಜರಿಯುತ್ತಾರೆ? ಮೆಣಸಿನಕಾಯಿಯ ಪುಡಿಯಲ್ಲಿ ಎಣ್ಣೆಯ ಅಂಶವಿರುವುದರಿಂದ ಅದು ಫಿಲ್ಟರ್ ಬ್ಯಾಗುಗಳಿಗೆ ಅಂಟಿಕೊಳ್ಳುತ್ತದೆ. ಬ್ಯಾಗು ಕಟ್ಟಿಕೊಂಡರೆ ಗಿರಣಿಯನ್ನು ನಿಲ್ಲಿಸಬೇಕಾಗುತ್ತದೆ. ಸುಗ್ಗಿಯ ನಡುವೆ ಯಂತ್ರ ಕೆಟ್ಟರೆ ಹುಬ್ಬಳ್ಳಿಯಿಂದ ಯಾರಾದರೂ ಬರುತ್ತಾರೆಯೇ ಎಂಬ ಅಳುಕೂ ಇರುತ್ತದೆ. ಈ ಎರಡು ಸಂದೇಹಗಳಿಗೆ ಉತ್ತರವಾಗುವ ಪ್ರಶ್ನೆಗಳನ್ನೇ ತೃಪ್ತ ಗ್ರಾಹಕರಿಗೆ ಕೇಳುವುದು ಸೂಕ್ತ.

ಕೋರಿಕೆಯ ಪತ್ರ

ಘಟಕದ ಮಾಲೀಕರು ಬರೆಯಬಹುದಾದ ಪತ್ರದ ಮಾದರಿ ಹೀಗಿದೆ:

“ಮಾನ್ಯರೇ, ನಮಸ್ಕಾರಗಳು. ಮೊನ್ನೆ ಮಂಗಳವಾರ ದೂರವಾಣಿಯಲ್ಲಿ ತಾವು, ಈ ಸುಗ್ಗಿಯಲ್ಲಿ ಮೊದಲಿನಂತೆ ದಿನವೂ ಗಿರಣಿ ನಿಲ್ಲಿಸುವ ಪ್ರಸಂಗ ಬರಲಿಲ್ಲವೆಂದು ತಿಳಿಸಿದಿರಿ. ಇತರ ಗಿರಣಿಯವರೂ ನಮ್ಮಲ್ಲಿ ಇದನ್ನೇ ವಿಚಾರಿಸುತ್ತಾರೆ. ಆದುದರಿಂದ ತಮ್ಮ ಅನುಭವವನ್ನು ನಾಲ್ಕೈದು ಸಾಲುಗಳಲ್ಲಿ ನಮ್ಮ ಮಾಹಿತಿ ಪುಸ್ತಿಕೆಯಲ್ಲಿ ಅಚ್ಚು ಹಾಕಿಸಲು ತಮ್ಮ ಒಪ್ಪಿಗೆ ಕೋರುತ್ತೇವೆ. ತಾವು ಬರೆಯುವ ಅಗತ್ಯವಿಲ್ಲ. ಈ ಕೆಳಗಿನ ಮೂರು ಪ್ರಶ್ನೆಗಳಿಗೆ ದೂರವಾಣಿಯಲ್ಲಿ ಐದು ನಿಮಿಷ ಉತ್ತರಿಸಿದರೆ ಸಾಕು.

1. ಯಂತ್ರ ಅಳವಡಿಸುವ ಮೊದಲು ಬ್ಯಾಗು ಸ್ವಚ್ಛ ಮಾಡಲು ದಿನಕ್ಕೆ ಎಷ್ಟು ಹೊತ್ತು ಗಿರಣಿ ನಿಲ್ಲುತ್ತಿತ್ತು?
2. ಈ ಸುಗ್ಗಿಯಲ್ಲಿ ಅದು ಎಷ್ಟಾಯಿತು?
3. ನಡುವೆ ಯಂತ್ರ ಕೆಟ್ಟಿದ್ದರೆ, ನಮ್ಮವರು ಎಷ್ಟು ಹೊತ್ತಿಗೆ ಬಂದು ಸರಿಪಡಿಸಿದರು?

ತಮ್ಮ ಮಾತುಗಳನ್ನು ಬರೆದು ತಮಗೆ ಕಳುಹಿಸುತ್ತೇವೆ. ಬೇಕಾದಂತೆ ತಿದ್ದಬಹುದು. ತಾವು ಸಹಿ ಮಾಡಿ ಒಪ್ಪಿದ ನಂತರವೇ ಅಚ್ಚಿಗೆ ಕೊಡುತ್ತೇವೆ. ಹೆಸರು ಬೇಡವೆಂದಾದರೆ, ಅಥವಾ ಇದು ಯಾವುದೂ ಬೇಡವೆಂದಾದರೆ ಹಾಗೆಯೇ ತಿಳಿಸಿರಿ. ನಮ್ಮ ಸೇವೆಯಲ್ಲಿ ವ್ಯತ್ಯಾಸವಾಗದು. ಶುಕ್ರವಾರ ಸಂಜೆ ಫೋನ್ ಮಾಡಬಹುದೇ?”

ಈ ಪತ್ರದಲ್ಲಿ ಮೆಚ್ಚುಗೆಯ ಬೇಡಿಕೆಯೇ ಇಲ್ಲ ಎಂಬುದನ್ನು ಗಮನಿಸಬೇಕು. ಗ್ರಾಹಕರದೇ ಮಾತು, ಬಳಕೆಯ ಸ್ಥಳ, ಬೇಕಾದ ಸಮಯ ಮತ್ತು ನಿರಾಕರಿಸುವ ಸ್ವಾತಂತ್ರ್ಯ ಇದರಲ್ಲಿವೆ. ಪ್ರಶ್ನೆಗಳು ಮೂರನ್ನು ಮೀರದಿರುವುದು ಲೇಸು. ಹತ್ತು ಪ್ರಶ್ನೆಗಳಾದರೆ ಅದು ನಮೂನೆ ತುಂಬುವ ಕೆಲಸವಾಗಿ ಮೇಜಿನ ಮೇಲೆಯೇ ಉಳಿಯುತ್ತದೆ. ಉತ್ತರ ಯಾರಿಗೆ ಗೊತ್ತು ಎಂಬುದನ್ನೂ ವಿಚಾರಿಸಬೇಕು. ಗಿರಣಿ ನಿಂತ ಹೊತ್ತಿನ ಲೆಕ್ಕ ಮಾಲೀಕರಿಗಿಂತ ಮೇಲ್ವಿಚಾರಕರಿಗೆ ಚೆನ್ನಾಗಿ ತಿಳಿದಿರುತ್ತದೆ. ಮಾಲೀಕರ ಅನುಮತಿ ಪಡೆದು ಮೇಲ್ವಿಚಾರಕರನ್ನು ವಿಚಾರಿಸಿ, ಸಹಿಯನ್ನು ಮಾಲೀಕರಿಂದ ಪಡೆಯುವುದು ಸರಿಯಾದ ಕ್ರಮ.

ಉತ್ತರದಿಂದ ಕರಡಿಗೆ

ಶುಕ್ರವಾರದ ಮಾತುಕತೆಯ ಆಧಾರದ ಮೇಲೆ ಘಟಕದವರು ಸಿದ್ಧಪಡಿಸುವ ಕರಡು ಹೀಗಿರಬಹುದು:

“ಮೊದಲು ಬ್ಯಾಗುಗಳು ಕಟ್ಟಿಕೊಂಡು, ಸ್ವಚ್ಛ ಮಾಡಲು ದಿನಕ್ಕೆ ಅಂದಾಜು 2 ಗಂಟೆ ಗಿರಣಿ ನಿಲ್ಲಿಸುತ್ತಿದ್ದೆವು. ಈ ಸುಗ್ಗಿಯಲ್ಲಿ ಅದು ಅರ್ಧ ಗಂಟೆಗೆ ಇಳಿದಿದೆ. ಫೆಬ್ರುವರಿಯಲ್ಲಿ ಒಂದು ವಾಲ್ವ್ ಕೆಟ್ಟಿತ್ತು. ಸಂಜೆ ಫೋನ್ ಮಾಡಿದೆವು. ಮರುದಿನ ಬೆಳಿಗ್ಗೆ ಮೆಕ್ಯಾನಿಕ್ ಬಂದು ಬದಲಾಯಿಸಿದರು.”

ವಾಲ್ವ್ ಕೆಟ್ಟ ಸಂಗತಿಯನ್ನು ಕೈಬಿಡಬೇಕೆಂಬ ಆಸೆ ಘಟಕದವರಿಗೆ ಬರುವುದು ಸಹಜ. ಆದರೆ ಹೊಸ ಖರೀದಿದಾರನ ಎರಡನೆಯ ಸಂದೇಹಕ್ಕೆ ಉತ್ತರ ಇರುವುದು ಆ ಸಂಗತಿಯಲ್ಲಿಯೇ. ಅದನ್ನು ತೆಗೆದರೆ ದುರಸ್ತಿಯ ಮಾತಿಗೂ ಆಧಾರವಿರುವುದಿಲ್ಲ.

ಇನ್ನೊಂದು ಆಸೆ ಅಂಕಿಗಳಿಗೆ ಸಂಬಂಧಿಸಿದ್ದು. ದಿನಕ್ಕೆ ಒಂದೂವರೆ ಗಂಟೆಯ ಉಳಿತಾಯವನ್ನು 100 ದಿನಗಳಿಗೆ ಗುಣಿಸಿದರೆ 150 ಗಂಟೆಗಳಾಗುತ್ತವೆ. ಗುಣಾಕಾರದಲ್ಲಿ ದೋಷವಿಲ್ಲ. ಆದರೆ ಗಿರಣಿ ಅಷ್ಟೂ ದಿನ ನಡೆಯಿತೆಂದು ಮಾಲೀಕರು ಹೇಳಿಲ್ಲ. 2 ಗಂಟೆ ಎಂಬುದೂ ಅವರ ಅಂದಾಜು. ಆದುದರಿಂದ “150 ಗಂಟೆ ಉಳಿಯಿತು” ಎಂಬುದನ್ನು ಅವರ ಬಾಯಲ್ಲಿ ಇಡಕೂಡದು. “ಅಂದಾಜು” ಎಂಬ ಪದವನ್ನೂ ತೆಗೆಯಕೂಡದು. ಹೊಸ ಗ್ರಾಹಕನೊಬ್ಬ ನೇರವಾಗಿ ಬ್ಯಾಡಗಿಗೆ ಫೋನ್ ಮಾಡಿ ವಿಚಾರಿಸಿದರೆ, ಅಲ್ಲಿಂದಲೂ ಪತ್ರದಲ್ಲಿರುವ ಮಾತೇ ಬರುವಂತಿರಬೇಕು. ಕರಡು ಸರಿಯಾಗಿದೆಯೇ ಎಂದು ತಿಳಿಯಲು ಇದೊಂದು ಪರೀಕ್ಷೆ.

ಒಪ್ಪಿಗೆ, ದಿನಾಂಕ ಮತ್ತು ಕಾನೂನು

ಕರಡಿನ ಕೆಳಗೆ ಸಂಸ್ಥೆಯ ಹೆಸರು, ಸಹಿ ಮಾಡುವವರ ಹೆಸರು ಮತ್ತು ಹುದ್ದೆ, ದಿನಾಂಕ ಹಾಗೂ ಎಲ್ಲೆಲ್ಲಿ ಬಳಸಬಹುದೆಂಬ ಒಂದು ಸಾಲು ಇರಬೇಕು. ಪುಸ್ತಿಕೆಗೆ ಕೊಟ್ಟ ಒಪ್ಪಿಗೆಯನ್ನು ಪತ್ರಿಕಾ ಜಾಹೀರಾತಿಗೆ ವಿಸ್ತರಿಸುವಂತಿಲ್ಲ. ಅದಕ್ಕೆ ಮತ್ತೊಮ್ಮೆ ಕೇಳಬೇಕು. ಸಹಿಯಾದ ಪ್ರತಿ, ಮಾತುಕತೆಯ ಟಿಪ್ಪಣಿ ಮತ್ತು ಸಂಬಂಧಿಸಿದ ಬಿಲ್ಲಿನ ಪ್ರತಿಯನ್ನು ಒಂದೇ ಕಡತದಲ್ಲಿಡುವುದು ಕ್ಷೇಮ.

ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅಡಿಯಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜೂನ್‌ನಲ್ಲಿ ದಾರಿತಪ್ಪಿಸುವ ಜಾಹೀರಾತುಗಳ ತಡೆಗೆ ಮಾರ್ಗಸೂಚಿಗಳನ್ನು ಹೊರಡಿಸಿದೆ. ಜಾಹೀರಾತಿನಲ್ಲಿ ಬಳಸುವ ಅನುಮೋದನೆಯು ಹೇಳಿದವರ ನೈಜ ಹಾಗೂ ಸಾಕಷ್ಟು ಇತ್ತೀಚಿನ ಅಭಿಪ್ರಾಯವಾಗಿರಬೇಕು, ವಸ್ತುವಿನ ಅನುಭವ ಅಥವಾ ಸಾಕಷ್ಟು ಮಾಹಿತಿಯನ್ನು ಆಧರಿಸಿರಬೇಕು ಎಂಬುದು ಅವುಗಳಲ್ಲಿ ಒಂದು ನಿಯಮ. ಅಭಿಪ್ರಾಯದ ಮೌಲ್ಯವನ್ನು ಬಾಧಿಸಬಹುದಾದ ಸಂಬಂಧವೇನಾದರೂ ಇದ್ದಲ್ಲಿ, ಜನರು ಅದನ್ನು ಸಹಜವಾಗಿ ನಿರೀಕ್ಷಿಸುವಂತಿಲ್ಲದಿದ್ದರೆ, ಅದನ್ನು ಬಹಿರಂಗಪಡಿಸಬೇಕೆಂದೂ ಅವು ವಿಧಿಸುತ್ತವೆ. ಆದಕಾರಣ “ಪತ್ರ ಕೊಟ್ಟರೆ ಮುಂದಿನ ಬಿಲ್ಲಿನಲ್ಲಿ ರಿಯಾಯಿತಿ” ಎಂಬ ಮಾತನ್ನು ಆಡದಿರುವುದೇ ಉತ್ತಮ. ಬಂಧುಗಳ ಅಥವಾ ಪಾಲುದಾರರ ಸಂಸ್ಥೆಯಿಂದ ಪತ್ರ ಪಡೆದಿದ್ದರೆ ಆ ಸಂಬಂಧವನ್ನು ತಿಳಿಸುವುದು ಸೂಕ್ತ. ಯಂತ್ರದ ಮಾದರಿ ಬದಲಾದ ನಂತರ ಹಳೆಯ ಮಾದರಿಯ ಪತ್ರವನ್ನು ಹೊಸದಕ್ಕೆ ಅಂಟಿಸಬಾರದು.

ಕೆಲವು ದೊಡ್ಡ ಕಂಪನಿಗಳು ತಮ್ಮ ಹೆಸರನ್ನು ಸರಬರಾಜುದಾರರ ಪ್ರಚಾರಕ್ಕೆ ಬಳಸಲು ಬಿಡುವುದಿಲ್ಲ. ಅಂತಹ ಕಡೆ ಖರೀದಿ ಅಧಿಕಾರಿಯನ್ನು ಒತ್ತಾಯಿಸುವುದರಿಂದ ಅವರಿಗೆ ಮುಜುಗರವಾಗುವುದೇ ಹೊರತು ಪತ್ರ ಬರುವುದಿಲ್ಲ. ಅದರ ಬದಲು, ಹೊಸ ಖರೀದಿದಾರರೊಬ್ಬರು ದೂರವಾಣಿಯಲ್ಲಿ ವಿಚಾರಿಸಿದರೆ ಎರಡು ಮಾತು ಹೇಳಬಹುದೇ ಎಂದು ಕೇಳಬಹುದು. ಟೆಂಡರಿಗೆ ಬೇಕಾಗುವ ಕಾರ್ಯಪೂರ್ಣತಾ ಪ್ರಮಾಣಪತ್ರ ಬೇರೆಯೇ ದಾಖಲೆ. ಆದೇಶದ ಸಂಖ್ಯೆ, ಮೊತ್ತ, ಮುಗಿದ ದಿನಾಂಕ ಇತ್ಯಾದಿಗಳನ್ನು ಟೆಂಡರಿನಲ್ಲಿ ಕೇಳಿದ ನಮೂನೆಯಲ್ಲಿಯೇ ಅದರಲ್ಲಿ ಪಡೆಯಬೇಕಾಗುತ್ತದೆ. ಅಭಿಪ್ರಾಯ ಪತ್ರವನ್ನು ಅದರ ಸ್ಥಾನದಲ್ಲಿ ಲಗತ್ತಿಸಿದರೆ ಪ್ರಯೋಜನವಾಗದು.

ಉತ್ತರ ಬಾರದಿದ್ದರೆ

ಒಂದು ವಾರ ಕಾದು ಒಂದೇ ಒಂದು ಬಾರಿ ನೆನಪಿಸಬಹುದು. ಆ ಜ್ಞಾಪನದಲ್ಲಿ ಪ್ರಶ್ನೆಗಳನ್ನು ಮೂರರಿಂದ ಒಂದಕ್ಕೆ ಇಳಿಸುವುದು ಒಳ್ಳೆಯದು: “ಗಿರಣಿ ನಿಲ್ಲುವ ಹೊತ್ತು ಈಗ ಎಷ್ಟು ಎಂಬುದೊಂದನ್ನು ತಿಳಿಸಿದರೆ ಸಾಕು.” ಅದಕ್ಕೂ ಮೌನವೇ ಉತ್ತರವಾದರೆ ವಿಷಯವನ್ನು ಅಲ್ಲಿಗೆ ಬಿಡಬೇಕು.

ಕೆಲವೊಮ್ಮೆ ಪತ್ರದ ಬದಲು ದೂರು ಬರುತ್ತದೆ. “ಯಂತ್ರವೇನೋ ಸರಿ, ಬದಲಿ ಬ್ಯಾಗು ತರಿಸಲು ಮೂರು ವಾರ ಹಿಡಿಯಿತು” ಎಂದು ಮೇಲ್ವಿಚಾರಕರು ಹೇಳಬಹುದು. ಆಗ ಅಭಿಪ್ರಾಯ ಪತ್ರದ ಮಾತನ್ನು ಬದಿಗಿಟ್ಟು, ಮುಂದಿನ ಸುಗ್ಗಿಗೆ ಮುನ್ನ ಒಂದು ಜೊತೆ ಬ್ಯಾಗುಗಳನ್ನು ಗಿರಣಿಯಲ್ಲಿಯೇ ದಾಸ್ತಾನಿಡುವ ವ್ಯವಸ್ಥೆ ಮಾಡಬೇಕು. ನಿರ್ದಿಷ್ಟವಾಗಿ ಕೇಳದಿದ್ದರೆ ಈ ದೂರು ಘಟಕದವರ ಕಿವಿಗೆ ಬೀಳುತ್ತಿರಲಿಲ್ಲ. ಮುಂದಿನ ಆದೇಶ ಬೇರೆಡೆಗೆ ಹೋದ ಮೇಲೆ ಮಾತ್ರ ತಿಳಿಯುತ್ತಿತ್ತು.