ಮೊಬೈಲ್ ಅಳತೆಯಲ್ಲಿ ಮಗ ಕುಳ್ಳಗಾದನೇ?

ಮಗನ ಎತ್ತರ ಜೂನ್‌ನಲ್ಲಿ 142 ಸೆಂ.ಮೀ., ಆಗಸ್ಟ್‌ನಲ್ಲಿ 140 ಎಂದು ಬರೆದಿದ್ದೀರಿ. ಗಾಬರಿಯಾಗಬೇಡಿ ತಾಯಿ, ಹತ್ತು ವರ್ಷದ ಹುಡುಗ ಎರಡು ತಿಂಗಳಲ್ಲಿ ಎರಡು ಸೆಂ.ಮೀ. ಕುಗ್ಗುವುದಿಲ್ಲ.

ಎತ್ತರ ಅಳೆಯುವ ಮೊಬೈಲ್ ಆ್ಯಪ್ ಮೊದಲು ನೆಲ ಎಲ್ಲಿದೆ ಎಂದು ಅಂದಾಜು ಮಾಡುತ್ತದೆ, ಆಮೇಲೆ ತಲೆಯ ತುದಿ ಹುಡುಕುತ್ತದೆ. ಸಾಮಾನ್ಯ ಕ್ಯಾಮೆರಾಕ್ಕೆ ನೆಲ ಗುರುತಿಸಲು ಗೆರೆ, ಚುಕ್ಕೆ, ವಿನ್ಯಾಸ ಬೇಕು. ನಿಮ್ಮ ಹೊಸ ಮನೆಯ ಹೊಳೆಯುವ ಬಿಳಿ ಟೈಲ್ಸ್‌ನಲ್ಲಿ ಅವು ಸಿಗದೆ, ಆ್ಯಪ್ ಪ್ರತಿಬಿಂಬಕ್ಕೂ ಮೋಸಹೋಗುತ್ತದೆ. ನೆಲವನ್ನು ಎರಡು ಸೆಂ.ಮೀ. ಮೇಲೆ ಊಹಿಸಿದರೆ ಎತ್ತರ ಅಷ್ಟೇ ಕಡಿಮೆಯಾಗುತ್ತದೆ. ಲೈಡಾರ್ ಇರುವ ಫೋನ್ ದೂರವನ್ನು ಬೆಳಕಿನಿಂದಲೇ ಅಳೆಯುವುದರಿಂದ ಈ ತೊಂದರೆ ಕಡಿಮೆ. ಆದರೆ ಉಬ್ಬಿದ ಕೂದಲನ್ನು ಅದೂ ತಲೆಯೆಂದೇ ಎಣಿಸಬಹುದು.

ಪರೀಕ್ಷಿಸಿ ನೋಡಿ: ಬಾಗಿಲ ಚೌಕಟ್ಟನ್ನು ಟೇಪಿನಿಂದ ಅಳೆದು, ಅದನ್ನೇ ಆ್ಯಪ್‌ನಲ್ಲಿ ಐದು ಸಲ ಅಳೆಯಿರಿ. ಉತ್ತರಗಳು ಚದುರಿದರೆ ಯಾವುದೇ ಒಂದು ಅಳತೆಯನ್ನೂ ನಂಬುವಂತಿಲ್ಲ. ಐದೂ ಒಂದೇ ಕಡೆ ತಪ್ಪಿದರೆ ದೋಷ ನೆಲದ ಅಂದಾಜಿನದಿರಬಹುದು; ಚಾಪೆ ಹಾಸಿ, ಆ್ಯಪ್ ಮತ್ತೆ ತೆರೆದು ನೋಡಿ.

ಬೆಳವಣಿಗೆಯ ದಾಖಲೆಗೆ ಮಾತ್ರ ಗೋಡೆಯೇ ಇರಲಿ. ಬರಿಗಾಲು, ಗೋಡೆಗೆ ಹಿಮ್ಮಡಿ, ತಲೆಯ ಮೇಲೆ ಮಟ್ಟವಾಗಿ ದಪ್ಪ ಪುಸ್ತಕ, ಪೆನ್ಸಿಲ್ ಗುರುತು. ಬೆಳಿಗ್ಗೆಗಿಂತ ಸಂಜೆ ಎತ್ತರ ಸುಮಾರು ಒಂದು ಸೆಂ.ಮೀ. ಇಳಿದಿರುತ್ತದೆ, ಆದ್ದರಿಂದ ಪ್ರತಿ ಸಲ ಒಂದೇ ಹೊತ್ತಿಗೆ ಅಳೆಯಿರಿ.