ಕೇಬಲ್ ಸಿಕ್ಕಿಸಿದರೂ ದೀಪ ಹತ್ತದಿದ್ದರೆ

ವೈ-ಫೈ ಕೈಕೊಡುತ್ತೆ ಅಂತ ರೂಟರಿನಿಂದ ಕಂಪ್ಯೂಟರಿಗೆ ಈಥರ್ನೆಟ್ ಕೇಬಲ್ ಎಳೆದಿದ್ದೀವಿ. ಎರಡೂ ತುದಿ ಟಕ್ ಅಂತ ಕೂತಿವೆ. ಆದರೆ ಪೋರ್ಟಿನ ಪಕ್ಕದ ಪುಟ್ಟ ದೀಪ ಹತ್ತುತ್ತಿಲ್ಲ. ಇವತ್ತು ಆ ದೀಪದ ಬಗ್ಗೆ ಮಾತಾಡೋಣ.

ಈ ದೀಪಕ್ಕೂ ಇಂಟರ್ನೆಟ್ಟಿಗೂ ನೇರ ಸಂಬಂಧ ಇಲ್ಲ. ಕೇಬಲ್ಲಿನ ಎರಡು ತುದಿಯ ಯಂತ್ರಗಳು ಸುಮಾರು 16 ಮಿಲಿಸೆಕೆಂಡಿಗೊಮ್ಮೆ ಒಂದಕ್ಕೊಂದು ಸಣ್ಣ ವಿದ್ಯುತ್ ಮಿಡಿತಗಳನ್ನು ಕಳಿಸುತ್ತವೆ. ‘ನಾನಿದ್ದೀನಿ, ಇಷ್ಟು ವೇಗ ನನಗೆ ಗೊತ್ತು’ ಅನ್ನೋದು ಅದರ ಅರ್ಥ. ಇಬ್ಬರೂ ಒಂದು ವೇಗಕ್ಕೆ ಒಪ್ಪಿ ಸಂಪರ್ಕ ಕೂಡಿದ ಮೇಲೆ ದೀಪ ಹತ್ತುತ್ತೆ. ಹಾಗಾಗಿ ಇಂಟರ್ನೆಟ್ ಬಿಲ್ ಕಟ್ಟದೇ ಇದ್ದರೂ ದೀಪ ಹತ್ತಬೇಕು. ಅದು ಹತ್ತದಿರುವಾಗ ಪಾಸ್‌ವರ್ಡ್, ಬ್ರೌಸರ್ ಇವನ್ನೆಲ್ಲ ಕೆದಕಿ ಪ್ರಯೋಜನವಿಲ್ಲ. ತಪ್ಪು ಇರೋದು ಕೇಬಲ್, ರೂಟರಿನ ಪೋರ್ಟ್, ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡ್ ಈ ಮೂರರಲ್ಲೇ.

ನಮ್ಮ ಗೆಳತಿಯೊಬ್ಬರ ಮನೆಯಲ್ಲಿ ಇದೇ ಆಗಿತ್ತು. ಮರುದಿನ ಬೆಳಿಗ್ಗೆ ಅವರಿಗೆ ಆನ್‌ಲೈನ್ ಸಂದರ್ಶನ. ರೂಟರ್ ಹಾಲಿನಲ್ಲಿ, ಕಂಪ್ಯೂಟರ್ ಮಲಗುವ ಕೋಣೆಯಲ್ಲಿ, ಕೇಬಲ್ ಬಾಗಿಲ ಸಂದಿಯಲ್ಲಿ ನುಸುಳಿ ಬಂದಿತ್ತು. ಅದೇ ಕೇಬಲ್ಲನ್ನು ಹಳೇ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ದೀಪ ಹತ್ತಿತು! ರೂಟರಿನಲ್ಲಿ ಬೇರೆ ಪೋರ್ಟಿಗೆ ಬದಲಾಯಿಸಿದರೂ ಕಂಪ್ಯೂಟರಿನಲ್ಲಿ ಮಾತ್ರ ಕತ್ತಲೆ. ಕೇಬಲ್ ಸರಿ, ಪೋರ್ಟ್ ಸರಿ, ಹಾಗಾದರೆ ಕಾರ್ಡ್ ಹೋಗಿದೆ ಅಂತ ಅವರು ಹೊಸ ಕಾರ್ಡ್ ಕೊಳ್ಳಲು ಹೊರಟಿದ್ದರು. ತರ್ಕ ಸರಿಯಾಗಿಯೇ ಕಾಣುತ್ತೆ ಅಲ್ವಾ?

ಕೇಬಲ್ಲಿನ ಒಳಗೆ ಎಂಟು ತಂತಿಗಳು, ನಾಲ್ಕು ಜೋಡಿಯಾಗಿ ಹೆಣೆದುಕೊಂಡಿರುತ್ತವೆ. 100 ಮೆಗಾಬಿಟ್ ವೇಗಕ್ಕೆ ಕಿತ್ತಳೆ ಮತ್ತು ಹಸಿರು ಜೋಡಿ ಸಾಕು. ಗಿಗಾಬಿಟ್‌ಗೆ ನೀಲಿ, ಕಂದು ಸೇರಿ ನಾಲ್ಕೂ ಬೇಕು. ತಮಾಷೆ ಏನೆಂದರೆ, ವೇಗದ ಮಾತುಕತೆ ನಡೆಯೋದು ಕಿತ್ತಳೆ, ಹಸಿರು ಜೋಡಿಗಳ ಮೇಲೆ ಮಾತ್ರ. ನೀಲಿ ತಂತಿ ತುಂಡಾಗಿದ್ದರೂ ಇಬ್ಬರೂ ‘ಗಿಗಾಬಿಟ್‌ನಲ್ಲಿ ಮಾತಾಡೋಣ’ ಅಂತ ಒಪ್ಪಿಕೊಳ್ಳುತ್ತಾರೆ, ಆಮೇಲೆ ಸಂಪರ್ಕ ಕೂಡೋದೇ ಇಲ್ಲ. ಕೆಲವು ಕಾರ್ಡ್‌ಗಳು ತಾವಾಗೇ 100ಕ್ಕೆ ಇಳಿಯುತ್ತವೆ, ಕೆಲವು ಹಟ ಹಿಡಿಯುತ್ತವೆ. ಗೆಳತಿಯ ಹಳೇ ಲ್ಯಾಪ್‌ಟಾಪಿನ ಕಾರ್ಡ್ 100 ಮೆಗಾಬಿಟ್ಟಿನದು, ಅದಕ್ಕೆ ನೀಲಿ ಜೋಡಿಯ ಅಗತ್ಯವೇ ಇಲ್ಲ. ಲ್ಯಾಬಿನ ಭಾಷೆಯಲ್ಲಿ ಹೇಳಬೇಕೆಂದರೆ, ಅವರ ಕಂಟ್ರೋಲ್ ಬೇರೆ ಪ್ರಶ್ನೆಗೆ ಉತ್ತರ ಕೊಟ್ಟಿತ್ತು.

ಹಾಗಾಗಿ ಕೇಬಲ್ಲನ್ನು ಪರೀಕ್ಷಿಸೋದು ಅಂದರೆ ಅದನ್ನು ತೆಗೆದು, ಈಗಾಗಲೇ ಗಿಗಾಬಿಟ್‌ನಲ್ಲಿ ಕೆಲಸ ಮಾಡುತ್ತಿರುವ ಇನ್ನೊಂದನ್ನು ಹಾಕಿ ನೋಡೋದು. ಗೆಳತಿ ಕಂಪ್ಯೂಟರನ್ನೇ ಹಾಲಿಗೆ ಹೊತ್ತು ತಂದು ಒಂದು ಮೀಟರ್ ಕೇಬಲ್ ಹಾಕಿದರು, ದೀಪ ಹತ್ತಿತು. ಖಚಿತ ಮಾಡಿಕೊಳ್ಳಲು ಹಳೇ ಕೇಬಲ್ಲನ್ನೇ ಮತ್ತೆ ಹಾಕಿ, ವಿಂಡೋಸ್‌ನ Device Manager ತೆರೆದು, ಕಾರ್ಡಿನ Advanced ಪುಟದಲ್ಲಿ Speed & Duplex ಅನ್ನು 100 Mbps Full Duplex ಮಾಡಿದರು. ಆಗಲೂ ಹತ್ತಿತು. ಬಾಗಿಲು ಜಜ್ಜಿದ್ದು ನೀಲಿ ಅಥವಾ ಕಂದು ಜೋಡಿಯನ್ನು ಅಂತ ಇದರಿಂದ ಗೊತ್ತಾಯಿತು. ಪರೀಕ್ಷೆ ಮುಗಿದ ಮೇಲೆ ಅದನ್ನು ಮತ್ತೆ Auto Negotiation ಮಾಡಲೇಬೇಕು, ಇಲ್ಲದಿದ್ದರೆ ವೇಗ ಕುಂಟುತ್ತೆ.

ಒಳ್ಳೇ ಕೇಬಲ್ ಹಾಕಿದರೂ ದೀಪ ಇಲ್ಲ ಅಂದರೆ ಮುಂದಿನ ಸರದಿ ಪೋರ್ಟಿನದು. ಕೇಬಲ್, ಕಂಪ್ಯೂಟರ್ ಎರಡನ್ನೂ ಬದಲಾಯಿಸದೆ ರೂಟರಿನ ಇನ್ನೊಂದು LAN ಪೋರ್ಟಿಗೆ ಸಿಕ್ಕಿಸಿ. ಹತ್ತಿದರೆ ಮೊದಲಿನ ಪೋರ್ಟ್ ಕೆಟ್ಟಿದೆ. ಅದನ್ನು ಖಾಲಿ ಬಿಟ್ಟು ಬೇರೆಯದನ್ನು ಬಳಸಿದರಾಯಿತು.

ಯಾವ ಪೋರ್ಟಿನಲ್ಲೂ ಹತ್ತದಿದ್ದರೆ ಮಾತ್ರ ಕಾರ್ಡಿನ ಮೇಲೆ ಅನುಮಾನ. ಪವರ್‌ಶೆಲ್‌ನಲ್ಲಿ ಇದನ್ನು ಟೈಪ್ ಮಾಡಿ:

```
Get-NetAdapter
```

Status ಕೆಳಗೆ Disabled ಅಂತಿದ್ದರೆ ಕಾರ್ಡನ್ನು ಯಾರೋ ಆಫ್ ಮಾಡಿದ್ದಾರೆ, Enable ಮಾಡಿದರೆ ಸಾಕು. Disconnected ಅಂದರೆ ಕಾರ್ಡ್ ಎದ್ದಿದೆ, ಆದರೆ ಎದುರಿನಿಂದ ಏನೂ ಕೇಳಿಸುತ್ತಿಲ್ಲ. ಪಟ್ಟಿಯಲ್ಲೇ ಇಲ್ಲದಿದ್ದರೆ ಡ್ರೈವರ್ ಇಲ್ಲ ಅಥವಾ ಕಾರ್ಡ್ ಸತ್ತಿದೆ. Up ಅಂತ ಬಂದರೆ ಸಂಪರ್ಕ ಸರಿಯಾಗಿದೆ, ಕೆಟ್ಟಿರೋದು ಪುಟ್ಟ ದೀಪವೇ. ಕೆಲವು ಲ್ಯಾಪ್‌ಟಾಪುಗಳಲ್ಲಂತೂ ದೀಪವೇ ಇರೋದಿಲ್ಲ.

ಕೈಬಿಡುವ ಮುಂಚೆ ಕಂಪ್ಯೂಟರ್ ಶಟ್ ಡೌನ್ ಮಾಡಿ, ಪವರ್ ಪ್ಲಗ್ಗನ್ನೇ ಕಿತ್ತು ಒಂದು ನಿಮಿಷ ಬಿಡಿ. ಬರೀ ರೀಸ್ಟಾರ್ಟ್ ಸಾಲದು, ಏಕೆಂದರೆ ಪ್ಲಗ್ ಇರುವವರೆಗೆ ಕಾರ್ಡಿಗೆ ಕೊಂಚ ಕರೆಂಟ್ ಹರಿಯುತ್ತಲೇ ಇರಬಹುದು. ಅದಕ್ಕೂ ಜಗ್ಗದಿದ್ದರೆ ಅದೇ ಕೇಬಲ್, ಅದೇ ಪೋರ್ಟಿಗೆ ಯುಎಸ್‌ಬಿ ಈಥರ್ನೆಟ್ ಅಡಾಪ್ಟರ್ ಜೋಡಿಸಿ ನೋಡಿ. ಅದರಲ್ಲಿ ಸಂಪರ್ಕ ಬಂದರೆ ಆಗ ಹೊಸ ಕಾರ್ಡ್ ಕೊಳ್ಳಬಹುದು, ಅಥವಾ ಆ ಅಡಾಪ್ಟರನ್ನೇ ಇಟ್ಟುಕೊಳ್ಳಬಹುದು.