ಉಡುಗೊರೆ ಕಾರ್ಡಿನ ಬರಹ: ಕೊನೆಯ ದಿನ ಯಾವುದು, ಬಳಸುವುದು ಹೇಗೆ?

ಕಾಫಿ, ತಿಂಡಿಯ ವ್ಯಾಪಾರ ನಡೆಸುವ ನಮ್ಮ ಅನೇಕ ವರ್ತಕರು ಹಬ್ಬ ಹಾಗೂ ಹೊಸ ವರ್ಷದ ಸಂದರ್ಭಗಳಲ್ಲಿ ಉಡುಗೊರೆ ಕಾರ್ಡು ಮತ್ತು ರಿಯಾಯಿತಿ ವೋಚರುಗಳನ್ನು ಅಚ್ಚು ಹಾಕಿಸುವುದು ರೂಢಿಗೆ ಬಂದಿದೆ. ಕಾರ್ಡಿನ ಬಣ್ಣ, ಚಿತ್ರ, ಕಾಗದ ಇವುಗಳ ಆಯ್ಕೆಗೆ ಸಾಕಷ್ಟು ಸಮಯ ವ್ಯಯವಾಗುತ್ತದೆ. ಆದರೆ ಅದರ ಮೇಲಿನ ನಾಲ್ಕೈದು ಸಾಲುಗಳನ್ನು ಮುದ್ರಕರ ಬಳಿ ಇರುವ ಹಳೆಯ ಮಾದರಿಯಿಂದಲೇ ಎತ್ತಿಕೊಳ್ಳಲಾಗುತ್ತದೆ. ಕ್ಯಾಷ್ ಕೌಂಟರಿನಲ್ಲಿ ಉಂಟಾಗುವ ವಾಗ್ವಾದಗಳಿಗೆ ಬಹುಪಾಲು ಈ ಸಾಲುಗಳೇ ಕಾರಣ. ಆದ್ದರಿಂದ ಅವುಗಳನ್ನು ಒಂದೊಂದಾಗಿ ಪರಿಶೀಲಿಸುವುದು ಉಪಯುಕ್ತ.

ಮೈಸೂರಿನ ಸರಸ್ವತಿಪುರಂ ಮತ್ತು ಕುವೆಂಪುನಗರಗಳಲ್ಲಿ ಎರಡು ಶಾಖೆಗಳುಳ್ಳ ಒಂದು ಕೆಫೆಯನ್ನು ಕಲ್ಪಿಸಿಕೊಳ್ಳೋಣ. ಅದು ಅಚ್ಚು ಹಾಕಿಸಿದ ಕಾರ್ಡಿನ ಮೇಲೆ ಹೀಗಿದೆ:

"ರೂ. 500ರ ಗಿಫ್ಟ್ ವೋಚರ್. 6 ತಿಂಗಳು ಮಾನ್ಯ. ನಮ್ಮ ಎಲ್ಲ ಶಾಖೆಗಳಲ್ಲಿ ನಗದೀಕರಿಸಬಹುದು. ಇತರ ಕೊಡುಗೆಗಳೊಂದಿಗೆ ಸೇರಿಸುವಂತಿಲ್ಲ. ಷರತ್ತುಗಳು ಅನ್ವಯಿಸುತ್ತವೆ."

ನೋಡಲು ನಿರ್ದೋಷವಾಗಿ ಕಾಣುವ ಈ ಐದು ವಾಕ್ಯಗಳಲ್ಲಿ ಒಂದೂ ಗ್ರಾಹಕನ ಪ್ರಶ್ನೆಗೆ ಪೂರ್ಣ ಉತ್ತರ ಕೊಡುವುದಿಲ್ಲ.

ಹಣ ತೆತ್ತದ್ದೋ, ಬಿಟ್ಟಿ ಬಂದದ್ದೋ?

ಮೊದಲ ತೊಡಕು 'ಗಿಫ್ಟ್ ವೋಚರ್' ಎಂಬ ಹೆಸರಿನದೇ. ಗ್ರಾಹಕನು ಮುಂಗಡವಾಗಿ 500 ರೂಪಾಯಿ ತೆತ್ತು ಕೊಂಡು, ತನ್ನ ಬಂಧುವಿಗೆ ಕೊಡುವ ಕಾರ್ಡು ಒಂದು ಬಗೆ. ವ್ಯಾಪಾರ ಹೆಚ್ಚಿಸಲೆಂದು ಕೆಫೆಯೇ ಉಚಿತವಾಗಿ ಹಂಚುವ ರಿಯಾಯಿತಿ ಕೂಪನ್ ಇನ್ನೊಂದು ಬಗೆ. ಮೊದಲನೆಯದರಲ್ಲಿ ಗ್ರಾಹಕನ ಹಣ ನಿಮ್ಮ ಕೈಯಲ್ಲಿದೆ. ಎರಡನೆಯದರಲ್ಲಿ ನಿಮ್ಮ ಮಾತು ಮಾತ್ರ ಗ್ರಾಹಕನ ಕೈಯಲ್ಲಿದೆ. "ಇತರ ಕೊಡುಗೆಗಳೊಂದಿಗೆ ಸೇರಿಸುವಂತಿಲ್ಲ" ಎಂಬ ಷರತ್ತು ಕೂಪನ್ನಿಗೆ ಸರಿಯಾದೀತು. ತನ್ನದೇ ಹಣದಿಂದ ಕೊಂಡ ಕಾರ್ಡನ್ನು ತೋರಿಸಿದವನಿಗೆ ಅಂದಿನ ರಿಯಾಯಿತಿ ಇಲ್ಲವೆಂದರೆ, ನಗದು ಕೊಟ್ಟವನಿಗಿಂತ ಅವನು ಕೀಳಾದಂತಾಯಿತು. ಅವನು ಸಿಟ್ಟಾಗುವುದರಲ್ಲಿ ತಪ್ಪಿಲ್ಲ.

ತೆರಿಗೆಯ ಲೆಕ್ಕದಲ್ಲಿಯೂ ಇವೆರಡು ಬೇರೆ. ರಿಯಾಯಿತಿ ಕೂಪನ್ ಬಿಲ್ಲಿನ ಮೌಲ್ಯವನ್ನೇ ಇಳಿಸುತ್ತದೆ. 420 ರೂಪಾಯಿಯ ತಿಂಡಿಗೆ 100 ರೂಪಾಯಿಯ ಕೂಪನ್ ಕೊಟ್ಟರೆ, ರಿಯಾಯಿತಿಯನ್ನು ಬಿಲ್ಲಿನಲ್ಲಿ ನಮೂದಿಸಿ ಉಳಿದ 320ರ ಮೇಲೆ ಶೇ. 5ರಂತೆ 16 ರೂಪಾಯಿ ಜಿಎಸ್‌ಟಿ ಹಾಕಬೇಕು, ಒಟ್ಟು 336. ಆದರೆ ಉಡುಗೊರೆ ಕಾರ್ಡು ರಿಯಾಯಿತಿಯಲ್ಲ, ಪಾವತಿಯ ಒಂದು ವಿಧಾನ. ಅದೇ ತಿಂಡಿಗೆ ಪೂರ್ಣ 420ರ ಮೇಲೆ 21 ರೂಪಾಯಿ ತೆರಿಗೆ ಸೇರಿ 441 ರೂಪಾಯಿ ಬಿಲ್ಲಾಗುತ್ತದೆ, ಆ 441 ಕಾರ್ಡಿನಿಂದ ಕಳೆಯುತ್ತದೆ. ಕ್ಯಾಷಿಯರ್ ಎರಡನ್ನೂ ಬಿಲ್ಲಿಂಗ್ ಯಂತ್ರದ 'ಡಿಸ್ಕೌಂಟ್' ಗುಂಡಿಯಲ್ಲೇ ನಮೂದಿಸಿದರೆ ಕಾರ್ಡಿನ ಮೂಲಕ ನಡೆದ ಮಾರಾಟಕ್ಕೆ ತೆರಿಗೆ ಕಡಿಮೆ ಕಟ್ಟಿದಂತಾಗುತ್ತದೆ.

ಕಾರ್ಡನ್ನು ಮಾರಿದಾಗಲೇ ತೆರಿಗೆ ಕಟ್ಟಬೇಕೇ ಎಂಬ ಸಂದೇಹ ಬಹುಕಾಲ ಇತ್ತು. ಬೆಂಗಳೂರಿನ ಪ್ರೀಮಿಯರ್ ಸೇಲ್ಸ್ ಪ್ರಮೋಷನ್ ಸಂಸ್ಥೆಯ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟು 2023ರ ಜನವರಿಯಲ್ಲಿ ವೋಚರು ತಾನಾಗಿಯೇ ಸರಕೂ ಅಲ್ಲ, ಸೇವೆಯೂ ಅಲ್ಲ ಎಂದು ತೀರ್ಪಿತ್ತಿತು. 2024ರ ಡಿಸೆಂಬರ್ 31ರ ಸುತ್ತೋಲೆಯಲ್ಲಿ ಕೇಂದ್ರವು ಇದೇ ನಿಲುವನ್ನು ತಳೆಯಿತು. ಬಳಸದೆ ಉಳಿದ ವೋಚರಿನ ಮೊತ್ತಕ್ಕೂ ಜಿಎಸ್‌ಟಿ ಇಲ್ಲವೆಂದು ಅದೇ ಸುತ್ತೋಲೆ ತಿಳಿಸಿತು. ಬಳಿಕ 2025ರ ಹಣಕಾಸು ಕಾಯ್ದೆಯು ವೋಚರುಗಳ ಪೂರೈಕೆಯ ಸಮಯವನ್ನು ಕುರಿತ ವಿಶೇಷ ಉಪನಿಯಮಗಳನ್ನೇ ತೆಗೆದುಹಾಕಿತು.

'6 ತಿಂಗಳು', ಆದರೆ ಎಂದಿನಿಂದ?

ಅಚ್ಚಾದ ದಿನದಿಂದಲೋ, ಮಾರಿದ ದಿನದಿಂದಲೋ, ಮೊದಲ ಬಾರಿ ಬಳಸಿದ ದಿನದಿಂದಲೋ? ಮಾರಿದ ದಿನದಿಂದ ಎಂದು ಮಾಲೀಕರು ಭಾವಿಸಿರುತ್ತಾರೆ. ಆದರೆ ದೀಪಾವಳಿಯಲ್ಲಿ ಕೊಂಡ ಕಾರ್ಡು ವೈಶಾಖದ ಮದುವೆಯಲ್ಲಿ ಉಡುಗೊರೆಯಾಗಿ ಕೈ ಬದಲಿಸುತ್ತದೆ. ಪಡೆದವರ ಬಳಿ ಕಾರ್ಡು ಮಾತ್ರ ಇರುತ್ತದೆ, ಕೊಂಡ ದಿನದ ಬಿಲ್ಲು ಇರುವುದಿಲ್ಲ. ಆದ್ದರಿಂದ ಅವಧಿಯನ್ನು ತಿಂಗಳುಗಳಲ್ಲಿ ಹೇಳದೆ ಕೊನೆಯ ದಿನವನ್ನೇ ಕಾರ್ಡಿನ ಮೇಲೆ ಬರೆಯಬೇಕು. ಅಚ್ಚಿನಲ್ಲಿ ಸ್ಥಳ ಖಾಲಿ ಬಿಟ್ಟು, ಮಾರುವಾಗ ಕ್ಯಾಷಿಯರ್ ಶಾಯಿಯಲ್ಲಿ ತುಂಬಿ ಮೊಹರು ಹಾಕಿದರೆ ಸಾಕು.

ದಿನಾಂಕ ಬರೆಯುವಲ್ಲಿಯೂ ಎಚ್ಚರ ಬೇಕು. 03/04 ಎಂದು ಬರೆದರೆ ಏಪ್ರಿಲ್ 3 ಎಂದು ಕೆಲವರೂ ಮಾರ್ಚ್ 4 ಎಂದು ಕೆಲವರೂ ಓದುತ್ತಾರೆ. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಯುವುದೇ ಲೇಸು. ನಮ್ಮ ಭಾಷೆಯ ಒಂದು ಸಣ್ಣ ತೊಡಕೂ ಇಲ್ಲಿದೆ. 'ಡಿಸೆಂಬರ್ 31ರೊಳಗೆ' ಎಂದರೆ 31ನೆಯ ತಾರೀಖು ಸೇರಿತೋ ಇಲ್ಲವೋ ಎಂಬುದು ಸ್ಪಷ್ಟವಿಲ್ಲ. 'ಕೊನೆಯ ದಿನ: 31 ಡಿಸೆಂಬರ್' ಎಂದರೆ ಆ ದಿನ ಸೇರಿದೆ ಎಂಬುದರಲ್ಲಿ ಸಂದೇಹವಿಲ್ಲ. ಅಂದು ವಾರದ ರಜೆಯ ದಿನವೇ ಎಂಬುದನ್ನು ಮೊದಲೇ ಕ್ಯಾಲೆಂಡರಿನಲ್ಲಿ ನೋಡಿಕೊಳ್ಳಿ.

ಬಿಲ್ಲಿಂಗ್ ಯಂತ್ರದ ಥರ್ಮಲ್ ಕಾಗದದಲ್ಲಿಯೇ ವೋಚರು ಮುದ್ರಿಸಿ ಕೊಡುವ ಪದ್ಧತಿಯೂ ಬಂದಿದೆ. ಬಿಸಿಲು, ಶಾಖ, ಪರ್ಸಿನ ಒತ್ತಡಗಳಿಂದ ಆ ಕಾಗದದ ಅಕ್ಷರ ಕೆಲವು ತಿಂಗಳಲ್ಲಿ ಮಾಸುತ್ತದೆ. ಒಂದೆರಡು ವಾರದ ಕೂಪನ್ನಿಗೆ ಅದು ಸಾಕು, ವರ್ಷದ ಕಾರ್ಡಿಗೆ ಸಲ್ಲದು.

'ನಗದೀಕರಣ' ಎಂಬ ಪದದ ಅಪಾಯ

ಇಂಗ್ಲಿಷಿನ 'ರಿಡೀಮ್' ಎಂಬುದಕ್ಕೆ ಕನ್ನಡದಲ್ಲಿ 'ನಗದೀಕರಿಸಿ' ಎಂದು ಬರೆಯುವುದು ವಾಡಿಕೆಯಾಗಿದೆ. ನಗದೀಕರಣವೆಂದರೆ ನಗದಾಗಿ ಪರಿವರ್ತಿಸುವುದು. ಅದನ್ನು ಓದಿದ ಗ್ರಾಹಕನು ಕೌಂಟರಿಗೆ ಬಂದು 500 ರೂಪಾಯಿ ನಗದು ಕೇಳಿದರೆ ಬರಹ ಅವನ ಪರವಾಗಿಯೇ ಇದೆ. ಇದಕ್ಕೆ ಬದಲಾಗಿ 'ವಿಮೋಚನೆ' ಎಂದು ಬರೆದ ಒಂದೆರಡು ಕಾರ್ಡುಗಳನ್ನೂ ನೋಡಿದ್ದೇನೆ. ಕಾಫಿಗೂ ವಿಮೋಚನೆಗೂ ಏನು ಸಂಬಂಧವೋ ತಿಳಿಯದು. 'ಬಳಸಿ', 'ಬಿಲ್ಲಿನಿಂದ ಕಳೆಯುತ್ತೇವೆ' ಎಂಬ ಮಾತುಗಳು ಎಲ್ಲರಿಗೂ ತಿಳಿಯುತ್ತವೆ.

ನಗದು ಕೊಡದಿರುವುದು ಕೇವಲ ಮಾಲೀಕರ ಇಚ್ಛೆಯಲ್ಲ ಎಂಬುದನ್ನೂ ಗಮನಿಸಬೇಕು. ರಿಸರ್ವ್ ಬ್ಯಾಂಕಿನ 2021ರ ಆಗಸ್ಟ್ ತಿಂಗಳ ನಿರ್ದೇಶನಗಳ ಪ್ರಕಾರ, ಒಂದು ಸಂಸ್ಥೆಯು ತನ್ನಲ್ಲಿಯೇ ಖರೀದಿಸಲೆಂದು ಕೊಡುವ, ನಗದು ಹಿಂಪಡೆಯಲಾಗದ ಪೂರ್ವಪಾವತಿ ಕಾರ್ಡಿಗೆ ಆ ಬ್ಯಾಂಕಿನ ಅನುಮತಿ ಬೇಡ. ಈ ವಿನಾಯಿತಿ ನಿಂತಿರುವುದು 'ತನ್ನಲ್ಲಿಯೇ' ಮತ್ತು 'ನಗದಿಲ್ಲ' ಎಂಬ ಎರಡು ಕಾಲುಗಳ ಮೇಲೆ. ಆದ್ದರಿಂದ 'ನಮ್ಮ ಎಲ್ಲ ಶಾಖೆಗಳಲ್ಲಿ' ಎಂದು ಬರೆಯುವ ಮುನ್ನ ಯೋಚಿಸಬೇಕು. ಕುವೆಂಪುನಗರದ ಅಂಗಡಿ ಅದೇ ಹೆಸರಿನದಾದರೂ ತಮ್ಮನ ಸ್ವಂತ ಮಾಲೀಕತ್ವದಲ್ಲಿ ಬೇರೆ ನೋಂದಣಿ ಹೊಂದಿದ್ದರೆ, ಅಣ್ಣ ಮಾರಿದ ಕಾರ್ಡನ್ನು ತಮ್ಮ ಸ್ವೀಕರಿಸುವುದು ಮೂರನೆಯವರಿಗೆ ಪಾವತಿಯಾದಂತೆ. ಪಕ್ಕದ ಬೇಕರಿಯೊಡನೆ ಸೇರಿ ಕಾರ್ಡು ಹೊರಡಿಸುವವರಿಗೂ ಇದೇ ಮಾತು. ಇಂಥ ಸಂದರ್ಭಗಳಲ್ಲಿ ಕಾರ್ಡನ್ನು ಒಂದೇ ಅಂಗಡಿಗೆ ಸೀಮಿತಗೊಳಿಸುವುದು ಕ್ಷೇಮ.

ಷರತ್ತು ಎಲ್ಲಿದೆ?

'ಷರತ್ತುಗಳು ಅನ್ವಯಿಸುತ್ತವೆ' ಎಂದು ಬರೆದು ಷರತ್ತುಗಳನ್ನೇ ಬರೆಯದಿರುವುದು, ಅಥವಾ ಕೊಡುಗೆಯನ್ನು ದಪ್ಪ ಕನ್ನಡದಲ್ಲಿಯೂ ಷರತ್ತನ್ನು ಸಣ್ಣ ಇಂಗ್ಲಿಷಿನಲ್ಲಿಯೂ ಮುದ್ರಿಸುವುದು ಸಾಮಾನ್ಯ ದೃಶ್ಯ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ದಾರಿತಪ್ಪಿಸುವ ಜಾಹೀರಾತುಗಳ ತಡೆಗಾಗಿ 2022ರ ಜೂನ್ 9ರಂದು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಜಾಹೀರಾತಿನ ಮುಖ್ಯ ಮಾತು ಯಾವ ಭಾಷೆಯಲ್ಲಿದೆಯೋ ಅದಕ್ಕೆ ಸೇರಿಸುವ ಷರತ್ತಿನ ಟಿಪ್ಪಣಿಯೂ ಅದೇ ಭಾಷೆಯಲ್ಲಿ, ಅದೇ ಬಗೆಯ ಅಕ್ಷರದಲ್ಲಿ ಇರಬೇಕು. ಮುಖ್ಯ ಮಾತಿಗೆ ಅದು ವಿರುದ್ಧವಾಗಬಾರದು. ಕರಪತ್ರದಲ್ಲಿ 'ರೂ. 100 ಉಚಿತ!' ಎಂದು ಸಾರಿ, ಕೆಳಗೆ 400 ರೂಪಾಯಿ ಖರ್ಚು ಮಾಡಬೇಕೆಂದು ಹೇಳುವುದಕ್ಕಿಂತ 'ರೂ. 100 ರಿಯಾಯಿತಿ' ಎಂಬುದೇ ನಿಜವಾದ ಮಾತು.

ಈ 400ರ ಮಿತಿಯಲ್ಲಿಯೂ ಒಂದು ಬಿರುಕಿದೆ. 390 ರೂಪಾಯಿಯ ತಿಂಡಿಗೆ ತೆರಿಗೆ ಸೇರಿ 409 ರೂಪಾಯಿ 50 ಪೈಸೆಯಾಗುತ್ತದೆ. ಗ್ರಾಹಕನು ಒಟ್ಟು ಮೊತ್ತವನ್ನು ತೋರಿಸುತ್ತಾನೆ, ಕ್ಯಾಷಿಯರ್ ತೆರಿಗೆಗೆ ಮುಂಚಿನ ಮೊತ್ತವನ್ನು ತೋರಿಸುತ್ತಾನೆ. ಮಿತಿಯು ತೆರಿಗೆ ಸೇರಿಯೋ ಸೇರದೆಯೋ ಎಂಬುದನ್ನು ಬರೆಯದಿದ್ದರೆ ಈ ಜಗಳ ತಪ್ಪದು.

ತಿದ್ದಿದ ಬರಹ

ಎರಡೂ ಅಂಗಡಿಗಳು ಒಬ್ಬರೇ ಮಾಲೀಕರವೆಂದು ಇಟ್ಟುಕೊಂಡರೆ, ಉಡುಗೊರೆ ಕಾರ್ಡಿನ ಮೇಲೆ ಹೀಗೆ ಬರೆಯಬಹುದು:

"ರೂ. 500ರ ಉಡುಗೊರೆ ಕಾರ್ಡು. ಇದರ ಹಣ ಪೂರ್ತಿ ಸಂದಾಯವಾಗಿದೆ. ಕೊನೆಯ ದಿನ: 31 ಡಿಸೆಂಬರ್ 2027, ರಾತ್ರಿ 9 ಗಂಟೆ. ಸರಸ್ವತಿಪುರಂ ಮತ್ತು ಕುವೆಂಪುನಗರದ ನಮ್ಮ ಅಂಗಡಿಗಳಲ್ಲಿ ಬಳಸಬಹುದು. ಬಿಲ್ ಮಾಡಿಸುವಾಗ ಕಾರ್ಡು ಕೊಡಿ. ತೆರಿಗೆ ಸೇರಿದ ಒಟ್ಟು ಮೊತ್ತವನ್ನು ಇದರಿಂದ ಕಳೆಯುತ್ತೇವೆ. ಒಂದೇ ಸಲ ಮುಗಿಸಬೇಕಿಲ್ಲ. ಉಳಿದ ಮೊತ್ತವನ್ನು ಹಿಂಬದಿಯಲ್ಲಿ ಬರೆದುಕೊಡುತ್ತೇವೆ. ಬಿಲ್ ಹೆಚ್ಚಾದರೆ ವ್ಯತ್ಯಾಸವನ್ನು ನೀವು ಕೊಡಬೇಕು. ಕಾರ್ಡಿಗೆ ಬದಲಾಗಿ ನಗದು ಕೊಡುವುದಿಲ್ಲ. ಅಂದಿನ ರಿಯಾಯಿತಿಗಳು ಈ ಕಾರ್ಡಿಗೂ ಉಂಟು. ಕಾರ್ಡು ತಂದವರು ಬಳಸಬಹುದು. ಕಳೆದುಹೋದರೆ ಬದಲಿ ಕಾರ್ಡು ಇಲ್ಲ."

ಕೂಪನ್ನಿಗೆ ಇಷ್ಟು ಸಾಕು:

"ರೂ. 100 ರಿಯಾಯಿತಿ. ತೆರಿಗೆಗೆ ಮುಂಚೆ ರೂ. 400 ಅಥವಾ ಹೆಚ್ಚು ಆದ ಬಿಲ್ಲಿಗೆ ಮಾತ್ರ. ಒಂದು ಬಿಲ್ಲಿಗೆ ಒಂದು ಕೂಪನ್. ಕೊನೆಯ ದಿನ: 15 ನವೆಂಬರ್ 2027."

ಈಗ ಪ್ರಯೋಗಿಸಿ ನೋಡೋಣ. ಕಾರ್ಡು ಪಡೆದವರು ಮೊದಲ ಬಾರಿ 380 ರೂಪಾಯಿಯ ತಿಂಡಿ ತೆಗೆದುಕೊಂಡರು. 19 ರೂಪಾಯಿ ತೆರಿಗೆ ಸೇರಿ 399. ಹಿಂಬದಿಯಲ್ಲಿ 'ಉಳಿಕೆ 101' ಎಂದು ಬರೆದು ಕ್ಯಾಷಿಯರ್ ಸಹಿ ಹಾಕಿದರು. ಎರಡನೆಯ ಬಾರಿ 160ರ ತಿಂಡಿ, ತೆರಿಗೆ 8, ಒಟ್ಟು 168. ಕಾರ್ಡಿನಿಂದ 101, ಗ್ರಾಹಕರಿಂದ 67. ಎಲ್ಲಿಯೂ ಮಾಲೀಕರನ್ನು ಕರೆಯುವ ಪ್ರಮೇಯ ಬರಲಿಲ್ಲ.

ಅಚ್ಚಿಗೆ ಕಳುಹಿಸುವ ಮುನ್ನ ಈ ಬರಹವನ್ನು ಹೊಸದಾಗಿ ಸೇರಿದ ಕ್ಯಾಷಿಯರ್ ಕೈಗೆ ಕೊಟ್ಟು, ಮೇಲಿನ ಲೆಕ್ಕವನ್ನು ಅವರಿಂದಲೇ ಮಾಡಿಸಿ. ಅವರು ಎಲ್ಲಿ ನಿಂತು ಪ್ರಶ್ನೆ ಕೇಳುತ್ತಾರೋ ಅಲ್ಲಿ ಒಂದು ವಾಕ್ಯ ಕೊರತೆಯಾಗಿದೆ.

ಕಾರ್ಡಿಗೆ ಕ್ರಮಸಂಖ್ಯೆ ಹಾಕಿಸಿ, ಮಾರಿದ ದಿನ, ಕೊನೆಯ ದಿನ, ಪ್ರತಿ ಬಳಕೆಯ ಮೊತ್ತ, ಉಳಿಕೆ ಇಷ್ಟನ್ನು ಒಂದು ವಹಿಯಲ್ಲಿ ಬರೆದಿಡಬೇಕು. ಎರಡು ಅಂಗಡಿಗಳಿದ್ದಲ್ಲಿ ಬಳಕೆಯ ದಿನವೇ ಪರಸ್ಪರ ತಿಳಿಸಬೇಕು. ಹಿಂಬದಿಯ ಬರಹವನ್ನು ತಿದ್ದಿ ತಂದರೆ ಪತ್ತೆಹಚ್ಚಲು ಬೇರೆ ದಾರಿಯಿಲ್ಲ. ವಹಿಯಲ್ಲಿ ಬಾಕಿಯಿರುವ ಉಳಿಕೆಗಳ ಮೊತ್ತವು ನೀವು ಇನ್ನೂ ಕೊಡಬೇಕಾದ ಕಾಫಿ, ತಿಂಡಿ. ಅದನ್ನು ಲಾಭದಲ್ಲಿ ಸೇರಿಸದೆ ಮುಂಗಡವೆಂದೇ ತೋರಿಸಬೇಕು. ಕೊನೆಯ ದಿನ ಕಳೆದು ಒಂದು ವಾರದ ಬಳಿಕ ಕಾರ್ಡು ಹಿಡಿದು ಬಂದವರನ್ನು ಏನು ಮಾಡಬೇಕೆಂಬುದನ್ನೂ ಕ್ಯಾಷಿಯರಿಗೆ ಮೊದಲೇ ಲಿಖಿತವಾಗಿ ತಿಳಿಸಿಡಿ. ಹಣ ತೆತ್ತ ಕಾರ್ಡಿಗೆ ಒಂದು ತಿಂಗಳ ಸಡಿಲಿಕೆ ಕೊಡುವುದು ನನ್ನ ಅಭಿಪ್ರಾಯದಲ್ಲಿ ಯುಕ್ತ. ಉಚಿತ ಕೂಪನ್ನಿಗೆ ಆ ಅಗತ್ಯವಿಲ್ಲ.